ತಕ್ಕಡಿಯಿಂದ ಶುರುವಾಗುವ ಆನ್‌ಲೈನ್ ಅಂಗಡಿ
ಶಾಪಿಫೈನಲ್ಲಿ ಮೊದಲ ಅಂಗಡಿ ತೆರೆಯುವವರಿಗೆ ಒಂದು ಹಂತಹಂತದ ದಾರಿ

ಕೆನಡಾದ ಒಟ್ಟಾವಾ ನಗರದಲ್ಲಿ 2004ರಲ್ಲಿ ಟೋಬಿ ಲ್ಯೂಟ್ಕೆ ಮತ್ತು ಅವರ ಗೆಳೆಯರು ಹಿಮದ ಮೇಲೆ ಜಾರುವ ಹಲಗೆಗಳನ್ನು ಇಂಟರ್ನೆಟ್ಟಿನಲ್ಲಿ ಮಾರಲು ಹೊರಟರು. ಆಗ ಸಿಗುತ್ತಿದ್ದ ತಂತ್ರಾಂಶಗಳು ಹಿಡಿಸದೆ ತಮ್ಮ ಅಂಗಡಿಗೆ ಬೇಕಾದುದನ್ನು ಲ್ಯೂಟ್ಕೆ ತಾವೇ ಬರೆದುಕೊಂಡರು. ಹಲಗೆಗಳ ಅಂಗಡಿಗಿಂತ ಆ ತಂತ್ರಾಂಶಕ್ಕೇ ಹೆಚ್ಚು ಬೇಡಿಕೆ ಇದೆಯೆಂದು ಗೊತ್ತಾದಾಗ 2006ರಲ್ಲಿ ಅದನ್ನು ಎಲ್ಲರಿಗೂ ತೆರೆದರು. ಅದೇ ಶಾಪಿಫೈ. ಅದನ್ನು ಬರೆದವರು ಮೊದಲು ಸ್ವತಃ ವ್ಯಾಪಾರಕ್ಕೆ ಇಳಿದವರು. ಹೀಗಾಗಿ ಅದರ ಪರದೆಯ ಮೇಲೆ ಕೇಳುವ ಬಹುತೇಕ ಪ್ರಶ್ನೆಗಳು ವ್ಯಾಪಾರದ ಪ್ರಶ್ನೆಗಳೇ: ಬೆಲೆ ಎಷ್ಟು, ತೂಕ ಎಷ್ಟು, ಎಲ್ಲಿಗೆ ಕಳಿಸುತ್ತೀರಿ, ಹಣ ಹೇಗೆ ಪಡೆಯುತ್ತೀರಿ. ಇವಕ್ಕೆ ಉತ್ತರ ಗೊತ್ತಿದ್ದರೆ ಕೋಡಿಂಗ್ ಬಾರದವರೂ ಒಂದು ಭಾನುವಾರದಲ್ಲಿ ಅಂಗಡಿಯ ಚೌಕಟ್ಟು ನಿಲ್ಲಿಸಬಹುದು. ಉತ್ತರ ಗೊತ್ತಿಲ್ಲದಿದ್ದರೆ ಅಂಗಡಿ ನೋಡಲು ಚೆನ್ನಾಗಿರುತ್ತದೆ, ಆದರೆ ಪ್ರತಿ ಆರ್ಡರಿಗೂ ಕೈಯಿಂದ ಹಣ ಹೋಗುತ್ತಿರುತ್ತದೆ.

ಲೆಕ್ಕ ಕಣ್ಣಿಗೆ ಕಾಣಲೆಂದು ಒಂದು ಉದಾಹರಣೆ ಹಿಡಿದುಕೊಳ್ಳೋಣ. ಧಾರವಾಡದ ಒಂದು ಮನೆಯಲ್ಲಿ ಶೇಂಗಾ, ಗುರೆಳ್ಳು ಮತ್ತು ಅಗಸಿ ಚಟ್ನಿ ಮಾಡುತ್ತಾರೆ. ನೆಂಟರು, ಪರಿಚಯದವರು ಕೇಳಿ ಒಯ್ಯುತ್ತಾರೆ. ಈಗ ಬೆಂಗಳೂರು, ಮೈಸೂರು, ಮಂಗಳೂರಿನವರಿಗೂ ಮಾರಬೇಕೆಂಬ ಆಸೆ. 250 ಗ್ರಾಮಿನ ಒಂದು ಪೊಟ್ಟಣದ ಬೆಲೆ 150 ರೂಪಾಯಿ; ಸಾಮಾನು, ಕೂಲಿ, ಪೊಟ್ಟಣ ಸೇರಿ ಮನೆಯವರಿಗೆ ಬೀಳುವ ಖರ್ಚು 80 ರೂಪಾಯಿ. ಈ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ನಿಮ್ಮದು ಸೀರೆಯಿರಲಿ, ಸಾಬೂನಿರಲಿ, ನಿಮ್ಮ ಅಂಕಿಗಳನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ.

ಶಾಪಿಫೈ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಅಮೆಜಾನ್, ಫ್ಲಿಪ್‌ಕಾರ್ಟ್ ಸಂತೆಗಳಂತೆ. ಜನ ಅಲ್ಲಿಗೆ ತಾವಾಗಿ ಬರುತ್ತಾರೆ, ನಿಮ್ಮದು ಅಲ್ಲಿನ ನೂರಾರು ಗಾಡಿಗಳಲ್ಲಿ ಒಂದು. ಶಾಪಿಫೈ ನಿಮಗೆ ಕೊಡುವುದು ಬಾಡಿಗೆಯ ಮಳಿಗೆ. ಬೋರ್ಡು ನಿಮ್ಮದು, ಗಿರಾಕಿಯ ಹೆಸರು ವಿಳಾಸ ನಿಮ್ಮ ಬಳಿಯೇ ಉಳಿಯುತ್ತದೆ, ಆದರೆ ಗಿರಾಕಿಯನ್ನು ಕರೆತರುವ ಕೆಲಸವೂ ನಿಮ್ಮದೇ. ಈಗಾಗಲೇ ವಾಟ್ಸ್‌ಆಪ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಕೇಳುವವರು ಇರುವವರಿಗೆ ಇದು ಹೊಂದುತ್ತದೆ. ಒಬ್ಬ ಗಿರಾಕಿಯೂ ಇಲ್ಲದೆ ಅಂಗಡಿ ತೆರೆದು ಕಾಯುವವರಿಗೆ ಹೊಂದುವುದಿಲ್ಲ.

ಬಾಡಿಗೆ ಎರಡು ರೂಪದಲ್ಲಿ ಹೋಗುತ್ತದೆ. ಒಂದು, ತಿಂಗಳ ಶುಲ್ಕ. ಭಾರತದಲ್ಲಿ ಬೇಸಿಕ್ ಯೋಜನೆಗೆ ತಿಂಗಳಿಗೆ ಹತ್ತಿರಹತ್ತಿರ 2,000 ರೂಪಾಯಿ, ವರ್ಷಕ್ಕೆ ಒಮ್ಮೆಲೇ ಕಟ್ಟಿದರೆ ಕಡಿಮೆ. ದರ ಆಗಾಗ ಬದಲಾಗುವುದರಿಂದ ಸೇರುವ ದಿನ ಅವರ ದರಪುಟ ನೋಡಿಕೊಳ್ಳಿ. ತೆರಿಗೆ ಸೇರಿಸಿ ನಾವಿಲ್ಲಿ 2,300 ಎಂದು ಹಿಡಿಯೋಣ. ಎರಡನೆಯದು, ಪ್ರತಿ ಮಾರಾಟದ ಮೇಲಿನ ಪಾಲು. ಶಾಪಿಫೈನದೇ ಆದ ಹಣ ಪಾವತಿ ಸೇವೆ ಭಾರತದಲ್ಲಿ ಇಲ್ಲ. ಇಲ್ಲಿ ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯುದಂಥ ಹೊರಗಿನ ಸೇವೆ ಜೋಡಿಸಬೇಕು. ಹೊರಗಿನ ಸೇವೆ ಬಳಸಿದ್ದಕ್ಕೆ ಶಾಪಿಫೈ ಬೇಸಿಕ್ ಯೋಜನೆಯಲ್ಲಿ ಶೇ 2 ತೆಗೆದುಕೊಳ್ಳುತ್ತದೆ. ಆ ಪಾವತಿ ಸೇವೆಯವರು ತಮ್ಮ ಪಾಲಿಗೆ ಸಾಮಾನ್ಯವಾಗಿ ಸುಮಾರು ಶೇ 2 ಮತ್ತು ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತಾರೆ. ಎರಡೂ ಸೇರಿದರೆ ನೂರು ರೂಪಾಯಿಯಲ್ಲಿ ನಾಲ್ಕು ರೂಪಾಯಿಗೆ ತುಸು ಮೇಲೆ.

ಮೊದಲ ಹಂತ: ಅಡುಗೆಮನೆಯ ತಕ್ಕಡಿ

ಕಂಪ್ಯೂಟರ್ ತೆರೆಯುವ ಮೊದಲು ಒಂದು ಪಾರ್ಸೆಲ್ ಕಟ್ಟಿ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ತೂಕವನ್ನು ಅರ್ಧ ಕಿಲೋದ ಮೆಟ್ಟಿಲುಗಳಲ್ಲಿ ಲೆಕ್ಕ ಹಾಕುತ್ತವೆ. 510 ಗ್ರಾಂ ಇದ್ದರೂ ಒಂದು ಕಿಲೋದ ದರವೇ ಬೀಳುತ್ತದೆ. ಜೊತೆಗೆ ಡಬ್ಬಿಯ ಗಾತ್ರದ ತೂಕವೂ ಇದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಕಿಲೋ ಲೆಕ್ಕದ ಗಾತ್ರತೂಕ. ನಿಜವಾದ ತೂಕ ಮತ್ತು ಗಾತ್ರತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ.

ನಮ್ಮ ಮನೆಯ ಒಂದು ಪೊಟ್ಟಣವನ್ನು ಡಬ್ಬಿಗೆ ಹಾಕಿದರೆ ಸುಮಾರು 330 ಗ್ರಾಂ. ಅರ್ಧ ಕಿಲೋದ ಮೆಟ್ಟಿಲಲ್ಲಿ ಕೂರುತ್ತದೆ. ಎರಡು ಪೊಟ್ಟಣ ಹಾಕಿದರೆ 600 ದಾಟಿ ಒಂದು ಕಿಲೋದ ಮೆಟ್ಟಿಲಿಗೆ ಏರುತ್ತದೆ. ಮೂರು ಹಾಕಿದರೂ 900 ಗ್ರಾಂ, ಅದೇ ಒಂದು ಕಿಲೋ, ಅದೇ ದರ. ಮೂರನೆಯ ಪೊಟ್ಟಣದ ಸಾಗಣೆ ಪುಕ್ಕಟೆಯಾದಂತೆ. ಮೂರು ಪೊಟ್ಟಣಗಳನ್ನು 20×15×10 ಸೆಂ.ಮೀ. ಡಬ್ಬಿಯಲ್ಲಿಟ್ಟರೆ ಗಾತ್ರತೂಕ 0.6 ಕಿಲೋ, ತೊಂದರೆಯಿಲ್ಲ. ಅವನ್ನೇ ಮನೆಯಲ್ಲಿದ್ದ 30×25×15ರ ಖಾಲಿ ಡಬ್ಬಿಯಲ್ಲಿಟ್ಟರೆ ಗಾತ್ರತೂಕ 2.25 ಕಿಲೋ. ಒಳಗಿನ ಚಟ್ನಿ ಅಷ್ಟೇ, ಬಿಲ್ಲು ಎರಡೂವರೆ ಕಿಲೋದ್ದು.

ಈಗ ಹಣದ ಲೆಕ್ಕ. ರಾಜ್ಯದೊಳಗೆ ಅರ್ಧ ಕಿಲೋಗೆ 50, ಒಂದು ಕಿಲೋಗೆ 70 ರೂಪಾಯಿ ಕೊರಿಯರ್ ಎಂದು ಹಿಡಿಯೋಣ. ಗಿರಾಕಿಯಿಂದ ಸಾಗಣೆಗೆಂದು 50 ರೂಪಾಯಿ ಪಡೆಯೋಣ. ಒಂದೇ ಪೊಟ್ಟಣ ಮಾರಿದರೆ ಕೈಗೆ ಬರುವುದು 200. ಅದರಲ್ಲಿ ಚಟ್ನಿಗೆ 80, ಡಬ್ಬಿಗೆ 15, ಕೊರಿಯರಿಗೆ 50, ಪಾವತಿ ಶುಲ್ಕಗಳಿಗೆ ಸುಮಾರು 9 ಹೋದರೆ ಉಳಿಯುವುದು 46. ಮೂರು ಪೊಟ್ಟಣದ ಕಟ್ಟು ಮಾರಿದರೆ ಬರುವುದು 500. ಚಟ್ನಿಗೆ 240, ಡಬ್ಬಿಗೆ 20, ಕೊರಿಯರಿಗೆ 70, ಶುಲ್ಕಗಳಿಗೆ ಸುಮಾರು 22 ಕಳೆದರೆ 148 ಉಳಿಯುತ್ತದೆ. ತಿಂಗಳ ಬಾಡಿಗೆ 2,300 ಹುಟ್ಟಬೇಕಾದರೆ ಬಿಡಿ ಪೊಟ್ಟಣದ 50 ಆರ್ಡರು ಬೇಕು, ಕಟ್ಟಿನ 16 ಸಾಕು. ಹೀಗಾಗಿ ಈ ಮನೆಯವರು ಬಿಡಿ ಪೊಟ್ಟಣ ಮಾರದೆ, ಮೂರು ಬಗೆಯ ಚಟ್ನಿಯ ಒಂದೇ ಕಟ್ಟನ್ನು ಮಾರುವುದು ಸರಿ. ಮುಂದಿನ ಹಂತಗಳಲ್ಲಿ ಅಂಗಡಿಗೆ ತುಂಬುವುದೆಲ್ಲ ಈ ನಿರ್ಧಾರದಿಂದಲೇ ಬರುತ್ತದೆ.

ಎರಡನೆಯ ಹಂತ: ಕಾಗದಪತ್ರ

ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು. ಫೋಸ್ಕಾಸ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, 14 ಅಂಕಿಯ ಸಂಖ್ಯೆ ಸಿಗುತ್ತದೆ, ಅದನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕು.

ಜಿಎಸ್‌ಟಿ ವಿಚಾರದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತು. ಆದರೆ ಈ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸುವವರು ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಮಾಡಿಸಬೇಕು. ಕೆಲವು ಕರಕುಶಲ ವಸ್ತುಗಳಂಥ ಅಪವಾದಗಳು ಮಾತ್ರ ಇವೆ. ಆನ್‌ಲೈನ್ ಅಂಗಡಿಗೆ ಪುಣೆಯಿಂದಲೋ ಹೈದರಾಬಾದಿನಿಂದಲೋ ಆರ್ಡರು ಬರುವುದು ಸಹಜ. ನಮ್ಮ ಉದಾಹರಣೆಯ ಮನೆಯವರು ನೋಂದಣಿಯಿಲ್ಲದೆ ಶುರು ಮಾಡುತ್ತಾರೆ ಎಂದಾದರೆ, ಕರ್ನಾಟಕದ ಹೊರಗಿನ ವಿಳಾಸಕ್ಕೆ ಆರ್ಡರೇ ಹಾಕಲಾಗದಂತೆ ಅಂಗಡಿಯನ್ನು ಹೊಂದಿಸಬೇಕು. ಹೇಗೆಂದು ಸಾಗಣೆಯ ಹಂತದಲ್ಲಿ ನೋಡೋಣ. ನಿಮ್ಮ ಪದಾರ್ಥದ ತೆರಿಗೆ ದರ, ವಿನಾಯಿತಿ ತಿಳಿಯಲು ಒಮ್ಮೆ ತೆರಿಗೆ ಸಲಹೆಗಾರರನ್ನು ಕೇಳಿಬಿಡಿ.

ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆಯ ವಿವರ, ವಿಳಾಸದ ದಾಖಲೆಗಳನ್ನು ಒಂದು ಕಡೆ ಇಟ್ಟುಕೊಳ್ಳಿ. ಹಗಲಿನ ಬೆಳಕಿನಲ್ಲಿ, ಸಾದಾ ಹಿನ್ನೆಲೆಯಲ್ಲಿ ನಾಲ್ಕೈದು ಫೋಟೊ ತೆಗೆದುಕೊಳ್ಳಿ: ಇಡೀ ಕಟ್ಟು, ತಟ್ಟೆಯಲ್ಲಿ ರೊಟ್ಟಿಯ ಪಕ್ಕ ಚಟ್ನಿ, ಪೊಟ್ಟಣದ ಹಿಂಬದಿಯ ವಿವರ. ಎಲ್ಲ ಫೋಟೊಗಳೂ ಚೌಕವಾಗಿ ಒಂದೇ ಅಳತೆಯಲ್ಲಿದ್ದರೆ ಪುಟ ಅಚ್ಚುಕಟ್ಟಾಗಿ ಕಾಣುತ್ತದೆ. ಇದಿಷ್ಟೂ ಸಿದ್ಧವಾದ ಮೇಲೆ ಖಾತೆ ತೆರೆಯಿರಿ, ಏಕೆಂದರೆ ಶಾಪಿಫೈ ಕೊಡುವ ಉಚಿತ ಅವಧಿ ಕೆಲವೇ ದಿನಗಳದ್ದು.

ಮೂರನೆಯ ಹಂತ: ಖಾತೆ

`shopify.com`ಗೆ ಹೋಗಿ ಇಮೇಲ್ ಕೊಟ್ಟು ಸೇರಿಕೊಳ್ಳಿ. ಏನು ಮಾರುತ್ತೀರಿ, ಎಲ್ಲಿ ಮಾರುತ್ತೀರಿ ಎಂಬ ಕೆಲವು ಪ್ರಶ್ನೆಗಳು ಬರುತ್ತವೆ. ಅವುಗಳಲ್ಲಿ ದೇಶ ಒಂದನ್ನು ಭಾರತ ಎಂದು ಸರಿಯಾಗಿ ಆರಿಸಿ, ಉಳಿದವನ್ನು ಬೇಕಿದ್ದರೆ ದಾಟಿಸಬಹುದು. ಅಂಗಡಿಗೆ `nimma-angadi.myshopify.com` ಎಂಬ ಮಾದರಿಯ ವಿಳಾಸ ಸಿಗುತ್ತದೆ.

ಒಳಗೆ ಹೋದರೆ ಎಡಬದಿಯಲ್ಲಿ ಒಂದು ಪಟ್ಟಿ ಕಾಣುತ್ತದೆ. `Orders` ಬಂದ ಆರ್ಡರುಗಳು, `Products` ಮಾರುವ ವಸ್ತುಗಳು, `Online Store` ಗಿರಾಕಿ ನೋಡುವ ಮುಖ. ಕೆಳಮೂಲೆಯ `Settings`ನಲ್ಲಿ ಹಣ, ಸಾಗಣೆ, ತೆರಿಗೆಗಳ ಹೊಂದಾಣಿಕೆ. ಹೊಸಬರಿಗೆ ಈ ನಾಲ್ಕು ಸಾಕು. ಮೊದಲು `Settings`ನ `General`ನಲ್ಲಿ ಅಂಗಡಿಯ ಹೆಸರು, ವಿಳಾಸ, ಫೋನು ತುಂಬಿ. ಅಲ್ಲಿ ಹಣದ ನಮೂನೆ ಭಾರತೀಯ ರೂಪಾಯಿ ಎಂದಿರುವುದನ್ನು ಖಚಿತಪಡಿಸಿಕೊಳ್ಳಿ. ಮೊದಲ ಮಾರಾಟ ಆದ ಮೇಲೆ ಅದನ್ನು ನೀವೇ ಬದಲಿಸಲಾಗುವುದಿಲ್ಲ.

ನಾಲ್ಕನೆಯ ಹಂತ: ವಸ್ತುವನ್ನು ಸೇರಿಸುವುದು

`Products`ನಲ್ಲಿ `Add product` ಒತ್ತಿ. ಹೆಸರನ್ನು ಗಿರಾಕಿ ಹುಡುಕುವ ಮಾತಿನಲ್ಲೇ ಇಡಿ: "ಧಾರವಾಡ ಚಟ್ನಿ ಕಟ್ಟು: ಶೇಂಗಾ, ಗುರೆಳ್ಳು, ಅಗಸಿ". ಹೆಸರು, ವಿವರಣೆ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಆದರೆ ಪುಟದ ಕೆಳಭಾಗದ `Search engine listing`ನಲ್ಲಿರುವ ವಿಳಾಸದ ಕೊನೆಯ ತುಂಡನ್ನು ಮಾತ್ರ `chutney-kattu` ಎಂಬಂತೆ ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಕನ್ನಡ ಅಕ್ಷರದ ಕೊಂಡಿಯನ್ನು ವಾಟ್ಸ್‌ಆಪ್‌ನಲ್ಲಿ ಅಂಟಿಸಿದಾಗ ಅದು ಬಹಳ ಸಲ ಶೇಕಡಾ ಚಿಹ್ನೆಗಳ ಉದ್ದ ಸಾಲಾಗಿಬಿಡುತ್ತದೆ, ಜನ ಒತ್ತಲು ಹೆದರುತ್ತಾರೆ.

ವಿವರಣೆಯಲ್ಲಿ ಹೊಗಳಿಕೆಗಿಂತ ಗಿರಾಕಿ ಫೋನು ಮಾಡಿ ಕೇಳುವ ಪ್ರಶ್ನೆಗಳಿಗೆ ಉತ್ತರವಿರಲಿ. ಖಾರ ಎಷ್ಟು, ಬೆಳ್ಳುಳ್ಳಿ ಇದೆಯೇ, ಎಷ್ಟು ದಿನ ಇಡಬಹುದು, ಯಾವಾಗ ಕುಟ್ಟಿದ್ದು. ಶೇಂಗಾ ಕೆಲವರಿಗೆ ಒಗ್ಗುವುದಿಲ್ಲ, ಹೀಗಾಗಿ ಏನೇನು ಸೇರಿದೆ ಎಂಬ ಪಟ್ಟಿ ಪೂರ್ತಿಯಾಗಿರಬೇಕು. ಪೊಟ್ಟಣ ಕಟ್ಟಿ ಮಾರುವ ಸರಕಿಗೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನು ಇವು ಪೊಟ್ಟಣದ ಮೇಲೆ ಇರಬೇಕೆಂಬುದು ಕಾನೂನು; ಆನ್‌ಲೈನ್ ಪುಟದಲ್ಲೂ ಅವನ್ನು ತೋರಿಸಬೇಕು.

ಬೆಲೆಯ ಜಾಗದಲ್ಲಿ 450 ಹಾಕಿ. ಪಕ್ಕದ `Compare-at price` ಎಂಬ ಜಾಗ ಹಳೆಯ ಬೆಲೆಯನ್ನು ಗೆರೆ ಎಳೆದು ತೋರಿಸಲು. ನಿಜಕ್ಕೂ ಬೆಲೆ ಇಳಿಸಿದ್ದರೆ ಮಾತ್ರ ಅದನ್ನು ತುಂಬಿ, ಇಲ್ಲದಿದ್ದರೆ ಖಾಲಿ ಬಿಡಿ. ಕಟ್ಟನ್ನು ಎರಡು ಅಳತೆಗಳಲ್ಲಿ ಕೊಡುವುದಾದರೆ `Variants` ಬಳಸಿ. ಆಯ್ಕೆಯ ಹೆಸರು "ತೂಕ" ಎಂದಿರಲಿ. ಮೊದಲನೆಯದು ತಲಾ 250 ಗ್ರಾಂ, ಎರಡನೆಯದು ತಲಾ 500 ಗ್ರಾಂ. ಪ್ರತಿಯೊಂದಕ್ಕೂ ಬೇರೆ ಬೆಲೆ, ಬೇರೆ ದಾಸ್ತಾನು, ಬೇರೆ ತೂಕ ಕೊಡಬಹುದು.

ಹೆಚ್ಚಿನವರು ತೂಕದ ಜಾಗವನ್ನು ಸೊನ್ನೆ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟರೆ ತೂಕದ ಮೇಲೆ ನಿಂತ ಸಾಗಣೆ ದರ ತಪ್ಪಾಗುತ್ತದೆ, ಐದು ಕಟ್ಟಿನ ಆರ್ಡರಿಗೂ ಅತಿ ಕಡಿಮೆಯ ದರವೇ ಬೀಳುತ್ತದೆ. ಚಟ್ನಿಯ ತೂಕವನ್ನಲ್ಲ, ಡಬ್ಬಿ ಕಟ್ಟಿದ ಮೇಲಿನ ತೂಕವನ್ನು ಹಾಕಿ: ಚಿಕ್ಕ ಕಟ್ಟಿಗೆ 900 ಗ್ರಾಂ, ದೊಡ್ಡದಕ್ಕೆ 1.7 ಕಿಲೋ. ದಾಸ್ತಾನಿನಲ್ಲಿ ಮನೆಯಲ್ಲಿರುವ ಸಂಖ್ಯೆಯನ್ನೇ ತುಂಬಿ. ಮುಗಿದ ಮೇಲೂ ಮಾರುವ ಆಯ್ಕೆ ಒಂದಿದೆ, ಅದನ್ನು ಆರಿಸಬೇಡಿ. ಕೊನೆಗೆ `Status` ಎಂಬಲ್ಲಿ `Active` ಎಂದಿದ್ದರೆ ಮಾತ್ರ ವಸ್ತು ಅಂಗಡಿಯಲ್ಲಿ ಕಾಣುತ್ತದೆ. `Draft` ಎಂದಿದ್ದರೆ ನಿಮಗೆ ಮಾತ್ರ.

ಐದನೆಯ ಹಂತ: ಅಂಗಡಿಯ ಮುಖ

`Online Store`ನ `Themes`ನಲ್ಲಿ ಸಿದ್ಧ ವಿನ್ಯಾಸಗಳಿವೆ. ಡಾನ್, ಹೊರೈಜನ್ ಎಂಬ ಉಚಿತ ವಿನ್ಯಾಸಗಳಲ್ಲಿ ಒಂದನ್ನು ಹಿಡಿಯಿರಿ. ದುಡ್ಡು ಕೊಟ್ಟು ಕೊಳ್ಳುವ ವಿನ್ಯಾಸ ಮೊದಲ ವರ್ಷಕ್ಕೆ ಬೇಕಿಲ್ಲ. ಅದನ್ನು ತಿದ್ದುವ ಪರದೆಗೆ ಹೋದರೆ ಮುಖಪುಟ ಮೇಲಿಂದ ಕೆಳಕ್ಕೆ ತುಂಡುತುಂಡಾಗಿ ಕಾಣುತ್ತದೆ. ಮೇಲೆ ಒಂದು ಒಳ್ಳೆಯ ಫೋಟೊ ಮತ್ತು ಒಂದು ಸಾಲು, ಅದರ ಕೆಳಗೆ ಕಟ್ಟು, ಅದರ ಕೆಳಗೆ ಮಾಡುವವರ ಬಗ್ಗೆ ನಾಲ್ಕು ಮಾತು, ಕೊನೆಗೆ ಫೋನು, ವಿಳಾಸ. ಉಳಿದ ತುಂಡುಗಳನ್ನು ತೆಗೆದುಹಾಕಿ. ಪರದೆಯ ಮೇಲಿನ ಮೊಬೈಲ್ ಗುರುತನ್ನು ಒತ್ತಿ ಅದೇ ಪುಟವನ್ನು ಫೋನಿನ ಅಗಲದಲ್ಲಿ ನೋಡಿ, ಏಕೆಂದರೆ ವಾಟ್ಸ್‌ಆಪ್ ಕೊಂಡಿಯಿಂದ ಬರುವವರು ನೋಡುವುದು ಅದನ್ನೇ. ಫೋಟೊದ ಮೇಲಿನ ಅಕ್ಷರ ಓದಲಾಗದಿದ್ದರೆ, ಕೊಳ್ಳುವ ಗುಂಡಿ ಬಹಳ ಕೆಳಗೆ ಇಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಆರನೆಯ ಹಂತ: ಸಾಗಣೆ

`Settings`ನ `Shipping and delivery`ಗೆ ಹೋಗಿ. ಇಲ್ಲಿ ಎರಡು ಸಂಗತಿ ತಿಳಿದರೆ ಸಾಕು: ವಲಯ ಮತ್ತು ದರ. ವಲಯವೆಂದರೆ ನೀವು ಕಳಿಸುವ ಪ್ರದೇಶ. ಮೊದಲೇ ಮಾಡಿಟ್ಟ ದೇಶ, ವಿದೇಶದ ವಲಯಗಳಿದ್ದರೆ ತೆಗೆದು, ಭಾರತದೊಳಗೆ ಕರ್ನಾಟಕವೊಂದನ್ನೇ ಆರಿಸಿ ವಲಯ ಮಾಡಿ. ಇನ್ನು ಪುಣೆಯ ವಿಳಾಸ ಹಾಕಿದವರಿಗೆ ಈ ವಿಳಾಸಕ್ಕೆ ಸಾಗಣೆ ಇಲ್ಲವೆಂದು ತೋರಿಸಿ ಆರ್ಡರು ಅಲ್ಲೇ ನಿಲ್ಲುತ್ತದೆ. ಮುಂದೆ ಜಿಎಸ್‌ಟಿ ನೋಂದಣಿ ಆದ ದಿನ ಉಳಿದ ರಾಜ್ಯಗಳಿಗೆ ಎರಡನೆಯ ವಲಯ ಸೇರಿಸಿ ಬೇರೆ ದರ ಇಡಬಹುದು.

ವಲಯದೊಳಗೆ ತೂಕದ ಮೇಲೆ ದರ ಕಟ್ಟಿ. ಒಂದು ಕಿಲೋವರೆಗೆ 50 ರೂಪಾಯಿ, ಒಂದರಿಂದ ಎರಡು ಕಿಲೋಗೆ 90, ಎರಡು ಕಿಲೋ ಮೇಲೆ 150. ಕೊನೆಯ ದರಕ್ಕೆ ಮೇಲಿನ ಮಿತಿ ಹಾಕದೆ ಖಾಲಿ ಬಿಡಿ. ಎರಡು ಕಿಲೋಗೇ ದರಪಟ್ಟಿ ಮುಗಿಸಿಬಿಟ್ಟರೆ, ನಾಲ್ಕು ಕಟ್ಟು ಬೇಕೆಂದ ಒಳ್ಳೆಯ ಗಿರಾಕಿಗೇ ಸಾಗಣೆ ಇಲ್ಲವೆಂಬ ಉತ್ತರ ಸಿಗುತ್ತದೆ. ಮಾಲೀಕರಿಗೆ ಈ ವಿಷಯ ತಿಳಿಯುವುದೇ ಇಲ್ಲ, ಏಕೆಂದರೆ ಆ ಗಿರಾಕಿ ಸುಮ್ಮನೆ ಹೋಗಿರುತ್ತಾರೆ. ಗಾಡಿಗೆ ಸಾಮಾನು ಹಾಕಿ ಅರ್ಧಕ್ಕೇ ಬಿಟ್ಟವರ ಪಟ್ಟಿ `Orders`ನ ಒಳಗೇ ಇರುತ್ತದೆ. ಅಲ್ಲಿ ಒಂದೇ ಬಗೆಯ ದೊಡ್ಡ ಆರ್ಡರುಗಳು ಅರ್ಧಕ್ಕೆ ನಿಂತಿದ್ದರೆ ಸಾಗಣೆ ದರ ಪರೀಕ್ಷಿಸಿ.

ಪಾರ್ಸೆಲ್ ಕಳಿಸಲು ಮೊದಮೊದಲು ಹತ್ತಿರದ ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ಸಾಕು. ದಿನಕ್ಕೆ ಹಲವು ಆರ್ಡರು ಬರತೊಡಗಿದಾಗ ಶಿಪ್‌ರಾಕೆಟ್‌ನಂಥ ಸೇವೆಯನ್ನು ಶಾಪಿಫೈಗೆ ಜೋಡಿಸಿದರೆ ವಿಳಾಸ ತಾನಾಗಿ ಅಚ್ಚಾಗುತ್ತದೆ, ಕೊರಿಯರಿನವರು ಮನೆಗೇ ಬಂದು ಒಯ್ಯುತ್ತಾರೆ.

ಏಳನೆಯ ಹಂತ: ಹಣ ಪಡೆಯುವುದು

ಇಲ್ಲಿ ಕೆಲಸದ ಅನುಕ್ರಮ ತಪ್ಪಿದರೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಪಾವತಿ ಸೇವೆಯವರು ನಿಮ್ಮ ದಾಖಲೆಗಳ ಜೊತೆ ಅಂಗಡಿಯ ಪುಟಗಳನ್ನೂ ತೆರೆದು ನೋಡುತ್ತಾರೆ. ಹೊಸ ಶಾಪಿಫೈ ಅಂಗಡಿಗೆ ಪಾಸ್‌ವರ್ಡ್‌ನ ಬೀಗ ಬಿದ್ದಿರುತ್ತದೆ, ಯೋಜನೆ ಆರಿಸಿ ಹಣ ಕಟ್ಟುವವರೆಗೆ ಆ ಬೀಗ ತೆಗೆಯಲಾಗದು. ಬೀಗ ಹಾಕಿದ ಅಂಗಡಿ ನೋಡಿ ಅವರು ಅರ್ಜಿಯನ್ನು ವಾಪಸ್ ಕಳಿಸುತ್ತಾರೆ. ನಿಯಮಗಳ ಪುಟವಿಲ್ಲದ ಅಂಗಡಿಗೂ ಇದೇ ಗತಿ.

ಸರಿಯಾದ ಅನುಕ್ರಮ ಹೀಗೆ. ಮೊದಲು `Settings`ನ `Policies`ನಲ್ಲಿ ಹಣ ಮರಳಿಸುವ ನಿಯಮ, ಖಾಸಗಿತನದ ನಿಯಮ, ಬಳಕೆಯ ಷರತ್ತು, ಸಾಗಣೆಯ ನಿಯಮ, ಸಂಪರ್ಕ ವಿವರ ಎಲ್ಲವನ್ನೂ ತುಂಬಿ. ಸಿದ್ಧ ನಮೂನೆಗಳು ಸಿಗುತ್ತವೆ, ಆದರೆ ಹಣ ಮರಳಿಸುವ ನಿಯಮವನ್ನು ನಮೂನೆಯಿಂದ ಹಾಗೇ ಎತ್ತಬೇಡಿ. ಅದರಲ್ಲಿ 30 ದಿನದೊಳಗೆ ವಸ್ತು ಮರಳಿಸಬಹುದು ಎಂದಿರುತ್ತದೆ. ಒಡೆದ ಚಟ್ನಿ ಪೊಟ್ಟಣವನ್ನು ಯಾರೂ ಮರಳಿ ಪಡೆಯಲಾರರು. "ಪೊಟ್ಟಣ ಹರಿದು ಬಂದಿದ್ದರೆ ಎರಡು ದಿನದೊಳಗೆ ಫೋಟೊ ಕಳಿಸಿ, ಬೇರೆ ಕಳಿಸುತ್ತೇವೆ ಅಥವಾ ಹಣ ಮರಳಿಸುತ್ತೇವೆ" ಎಂದು ನಿಮ್ಮ ಮಾತಿನಲ್ಲೇ ಬರೆಯಿರಿ. 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ದೂರು ಕೇಳುವವರ ಹೆಸರು, ಸಂಪರ್ಕವೂ ಅಂಗಡಿಯಲ್ಲಿ ಕಾಣಬೇಕು. ಈ ಪುಟಗಳ ಕೊಂಡಿಗಳನ್ನು ಮುಖಪುಟದ ಅಡಿಯಲ್ಲಿ ಜೋಡಿಸಿ. ಅನಂತರ ಯೋಜನೆ ಆರಿಸಿ, `Online Store`ನ `Preferences`ನಲ್ಲಿ ಪಾಸ್‌ವರ್ಡ್ ತೆಗೆಯಿರಿ. ಆಮೇಲೆ ಪಾವತಿ ಸೇವೆಗೆ ಅರ್ಜಿ ಹಾಕಿ. ಒಪ್ಪಿಗೆ ಬಂದ ಮೇಲೆ `Settings`ನ `Payments`ನಲ್ಲಿ ಅದನ್ನು ಜೋಡಿಸಿದರೆ ಗಿರಾಕಿಗೆ ಯುಪಿಐ, ಕಾರ್ಡ್, ನೆಟ್‌ಬ್ಯಾಂಕಿಂಗ್ ಎಲ್ಲ ತೆರೆಯುತ್ತವೆ.

ಕ್ಯಾಶ್ ಆನ್ ಡೆಲಿವರಿಯನ್ನು ಅದೇ ಪುಟದ `Manual payment methods`ನಲ್ಲಿ ಚಾಲೂ ಮಾಡಬಹುದು. ಅದಕ್ಕೆ ಶಾಪಿಫೈನ ಶೇ 2 ಬೀಳುವುದಿಲ್ಲ. ಆದರೆ ಗಿರಾಕಿ ಬಾಗಿಲಲ್ಲಿ ಬೇಡವೆಂದರೆ ಹೋಗುವ 70, ಬರುವ 70, ಡಬ್ಬಿಯ 20 ಸೇರಿ 160 ರೂಪಾಯಿ ನಷ್ಟ. ಒಂದು ಕಟ್ಟಿನ ಮಾರಾಟದಲ್ಲಿ ಉಳಿಯುವ 148ಕ್ಕಿಂತ ಅದು ಹೆಚ್ಚು. ಚಿಕ್ಕ ಅಂಗಡಿ ಮುಂಗಡ ಹಣದಿಂದಲೇ ಶುರುವಾಗಲಿ. ಕ್ಯಾಶ್ ಆನ್ ಡೆಲಿವರಿ ಇಡಲೇಬೇಕೆಂದಿದ್ದರೆ ಪಾರ್ಸೆಲ್ ಕಟ್ಟುವ ಮೊದಲು ಫೋನು ಮಾಡಿ ಖಚಿತಪಡಿಸಿಕೊಳ್ಳಿ.

ತೆರಿಗೆಯ ಪುಟದಲ್ಲೂ ಒಂದು ಕೆಲಸವಿದೆ. ಜಿಎಸ್‌ಟಿ ನೋಂದಣಿ ಇಲ್ಲದವರು ತೆರಿಗೆ ಎಂದು ಗಿರಾಕಿಯಿಂದ ಹಣ ಪಡೆಯುವಂತಿಲ್ಲ, ಹೀಗಾಗಿ ತೆರಿಗೆ ವಸೂಲಿ ನಿಂತಿರಬೇಕು. ನೋಂದಣಿ ಇದ್ದವರು ಬೆಲೆಯಲ್ಲೇ ತೆರಿಗೆ ಸೇರಿದೆ ಎಂಬ ಆಯ್ಕೆ ಹಿಡಿಯಬೇಕು. ಇಲ್ಲದಿದ್ದರೆ ಎಂಆರ್‌ಪಿಯ ಮೇಲೆ ಮತ್ತೆ ತೆರಿಗೆ ಕೂಡಿ, ಅಚ್ಚಾದ ಬೆಲೆಗಿಂತ ಹೆಚ್ಚು ವಸೂಲಾಗುತ್ತದೆ; ಅದು ಕಾನೂನಿನ ಪ್ರಕಾರ ತಪ್ಪು.

ಎಂಟನೆಯ ಹಂತ: ನೀವೇ ಮೊದಲ ಗಿರಾಕಿ

ಅಂಗಡಿಯನ್ನು ಯಾರಿಗೂ ತೋರಿಸುವ ಮೊದಲು ಸುಳ್ಳು ಹಣದಲ್ಲಿ ಕೊಂಡು ನೋಡುವ ಏರ್ಪಾಡು ಶಾಪಿಫೈನಲ್ಲೇ ಇದೆ. `Payments`ನಲ್ಲಿ ಹೊರಗಿನ ಸೇವೆಗಳ ಪಟ್ಟಿಯಿಂದ `(for testing) Bogus Gateway` ಆರಿಸಿ ಚಾಲೂ ಮಾಡಿ. ಆಮೇಲೆ ಫೋನಿನಿಂದ ಅಂಗಡಿಗೆ ಹೋಗಿ ಕಟ್ಟೊಂದನ್ನು ಕೊಳ್ಳಿ. ಕಾರ್ಡ್ ಕೇಳುವಲ್ಲಿ ಹೀಗೆ ತುಂಬಿ:

```
Card number : 1
Name        : Bogus Gateway
Expiry      : ಮುಂದಿನ ಯಾವುದೇ ತಿಂಗಳು
CVV         : 111
```

ಕಾರ್ಡ್ ಸಂಖ್ಯೆ 1 ಎಂದರೆ ಪಾವತಿ ಯಶಸ್ವಿ, 2 ಎಂದರೆ ವಿಫಲ. ಎರಡನ್ನೂ ನೋಡಿ. ಬಳಿಕ ಬೇರೆಬೇರೆ ಆರ್ಡರು ಹಾಕಿ: ಒಂದು ಚಿಕ್ಕ ಕಟ್ಟು, ನಾಲ್ಕು ದೊಡ್ಡ ಕಟ್ಟು, ಬೇರೆ ರಾಜ್ಯದ ವಿಳಾಸ. ಚಿಕ್ಕದಕ್ಕೆ 50 ರೂಪಾಯಿ ಸಾಗಣೆ ಬಂತೇ, ನಾಲ್ಕಕ್ಕೆ 150 ಬಂತೇ, ಹೊರರಾಜ್ಯದ್ದು ನಿಂತಿತೇ, ನಿಮ್ಮ ಇಮೇಲಿಗೆ ರಸೀದಿ ಬಂತೇ, ದಾಸ್ತಾನು ಇಳಿಯಿತೇ ಎಂದು ಒಂದೊಂದಾಗಿ ನೋಡಿ. ಮುಗಿದ ಮೇಲೆ ಈ ಪರೀಕ್ಷಾ ಸೇವೆಯನ್ನು ಮರೆಯದೆ ನಿಲ್ಲಿಸಿ. ಅದು ಚಾಲೂ ಇರುವವರೆಗೆ ಬರುವ ಆರ್ಡರುಗಳ ಹಿಂದೆ ಹಣ ಇರುವುದಿಲ್ಲ. ಕೊನೆಗೆ ನಿಜವಾದ ಪಾವತಿ ಸೇವೆಯಲ್ಲಿ ನಿಮ್ಮದೇ ಯುಪಿಐಯಿಂದ ಒಂದು ಆರ್ಡರು ಹಾಕಿ, ಹಣ ಬ್ಯಾಂಕಿಗೆ ಬಂದು ಸೇರುವವರೆಗೆ ಕಾಯಿರಿ.

ಒಂಬತ್ತನೆಯ ಹಂತ: ಸ್ವಂತ ವಿಳಾಸ

`myshopify.com` ವಿಳಾಸದಲ್ಲೇ ವ್ಯಾಪಾರ ನಡೆಯುತ್ತದೆ, ಆದರೆ ಪೊಟ್ಟಣದ ಮೇಲೆ ಅಚ್ಚು ಹಾಕಿಸಲು ಚಿಕ್ಕ ಸ್ವಂತ ವಿಳಾಸ ಒಳ್ಳೆಯದು. `Settings`ನ `Domains`ನಲ್ಲೇ ಕೊಳ್ಳಬಹುದು. ಬೇರೆ ಕಡೆ ಕೊಂಡದ್ದಿದ್ದರೆ, ಕೊಂಡ ಕಂಪನಿಯ ಡಿಎನ್‌ಎಸ್ ಪುಟದಲ್ಲಿ ಈ ಎರಡು ಸಾಲು ಸೇರಿಸಬೇಕು:

```
A      @     23.227.38.65
CNAME  www   shops.myshopify.com
```

ಅಲ್ಲಿ ಮೊದಲೇ ಬೇರೆ `A` ಸಾಲಿದ್ದರೆ ತೆಗೆಯಿರಿ. ಎರಡೂ ಇದ್ದರೆ ಅಂಗಡಿ ಒಮ್ಮೆ ತೆರೆದು ಒಮ್ಮೆ ತೆರೆಯದೆ ಕಾಡುತ್ತದೆ. ಬದಲಾವಣೆ ಎಲ್ಲೆಡೆ ಹರಡಲು 48 ಗಂಟೆಯವರೆಗೆ ಹಿಡಿಯಬಹುದು.

ಮೊದಲ ಆರ್ಡರು ಬಂದಾಗ

ಶಾಪಿಫೈನ ಮೊಬೈಲ್ ಆಪ್ ಹಾಕಿಕೊಂಡರೆ ಆರ್ಡರು ಬಂದೊಡನೆ ಫೋನಿಗೆ ತಿಳಿಯುತ್ತದೆ. ಪಾರ್ಸೆಲ್ ಕಳಿಸಿ, ಆರ್ಡರನ್ನು ತೆರೆದು ಸಾಮಾನು ಹೊರಟಿದೆ ಎಂದು ಗುರುತು ಮಾಡಿ, ಕೊರಿಯರಿನ ಸಂಖ್ಯೆ ತುಂಬಿ. ಗಿರಾಕಿಗೆ ಆ ಸಂಖ್ಯೆ ಇಮೇಲಿನಲ್ಲಿ ತಾನಾಗಿ ಹೋಗುತ್ತದೆ. ಎಲ್ಲಿಗೆ ಬಂತು ಎಂದು ಕೇಳುವ ಫೋನುಗಳು ಇದರಿಂದಲೇ ಕಡಿಮೆಯಾಗುತ್ತವೆ.

ಮೊದಲ ತಿಂಗಳು ಆಪ್‌ಗಳ ಅಂಗಡಿಗೆ ಹೋಗಬೇಡಿ. ಗಿರಗಿರ ತಿರುಗುವ ಚಕ್ರ, ಕ್ಷಣಗಣನೆಯ ಗಡಿಯಾರ, ತೇಲುವ ಚೀಟಿ ಇವೆಲ್ಲ ಅಲ್ಲಿವೆ. ಹಲವಕ್ಕೆ ತಿಂಗಳ ಬಾಡಿಗೆ ಬೇರೆ, ಪುಟವನ್ನೂ ನಿಧಾನ ಮಾಡುತ್ತವೆ. ಕಟ್ಟಿನ ಜೊತೆ ಬಿಡಿ ಪೊಟ್ಟಣವನ್ನೂ ಮಾರತೊಡಗಿ ಎರಡರ ದಾಸ್ತಾನು ಒಂದಕ್ಕೊಂದು ಹೊಂದದೆ ಹೋದಾಗ ಶಾಪಿಫೈನದೇ ಉಚಿತ `Shopify Bundles` ಹಾಕಿಕೊಳ್ಳಿ. ಕಟ್ಟೊಂದು ಮಾರಿದರೆ ಅದು ಮೂರೂ ಚಟ್ನಿಯ ಲೆಕ್ಕದಿಂದ ಒಂದೊಂದು ಇಳಿಸುತ್ತದೆ.

ತಿಂಗಳ ಕೊನೆಗೆ ಬಂದ ಹಣ ಎಷ್ಟೆಂದು ನೋಡುವ ಜೊತೆಗೆ ಪ್ರತಿ ಆರ್ಡರಿನಲ್ಲಿ ಉಳಿದದ್ದು ಎಷ್ಟೆಂದು ಬರೆದಿಡಿ. ಅದು ನೀವು ಹಿಡಿದ ಅಂಕಿಗಿಂತ ಕಡಿಮೆಯಾಗಿದ್ದರೆ ಮೊದಲು ಕೊರಿಯರಿನ ಬಿಲ್ಲು ತೆಗೆದು ಅವರು ಹಾಕಿದ ತೂಕ ನೋಡಿ. ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ. ಹಿಡಿದಷ್ಟು ಉಳಿದಿದ್ದರೂ ಮೂರು ತಿಂಗಳಲ್ಲಿ ಬಾಡಿಗೆ ಹುಟ್ಟುವಷ್ಟು ಆರ್ಡರು ಬಾರದಿದ್ದರೆ, ಅಂಗಡಿಯನ್ನು ಮುಚ್ಚಿ ವಾಟ್ಸ್‌ಆಪ್‌ನಲ್ಲೇ ಮಾರುತ್ತ ಗಿರಾಕಿಗಳನ್ನು ಬೆಳೆಸಿಕೊಳ್ಳುವುದು ಸರಿಯಾದ ನಿರ್ಧಾರ. ಹುಟ್ಟುತ್ತಿದ್ದರೆ ಜಿಎಸ್‌ಟಿ ನೋಂದಣಿ ಮಾಡಿಸಿ ಎರಡನೆಯ ವಲಯ ತೆರೆಯಿರಿ.